ಖಾತೆ ಡಿಲೀಟ್ ಆದಮೇಲೂ ದುಡ್ಡು ಕಟ್ ಆಗುತ್ತಿತ್ತು: ಒಂದು ಪ್ರಕರಣ ಅಧ್ಯಯನ

ಇದು ಒಂದು ದಿನಚರಿ ಆ್ಯಪ್‌ನ ಪ್ರಕರಣ. ಜನ ಅದರಲ್ಲಿ ದಿನಾ ಬರೆಯುತ್ತಾರೆ, ಫೋಟೊ ಹಾಕುತ್ತಾರೆ, ಧ್ವನಿ ರೆಕಾರ್ಡ್ ಮಾಡಿಡುತ್ತಾರೆ. ಐಫೋನ್, ಆಂಡ್ರಾಯ್ಡ್, ವೆಬ್ ಮೂರರಲ್ಲೂ ಒಂದೇ ಖಾತೆ ನಡೆಯುತ್ತದೆ. ಸಬ್‌ಸ್ಕ್ರಿಪ್ಷನ್ ಮಾತ್ರ ಮೂರು ದಾರಿಯಿಂದ ಬರುತ್ತದೆ: ಕೆಲವರು ಆ್ಯಪ್ ಸ್ಟೋರ್‌ನಲ್ಲಿ ತೆಗೆದುಕೊಂಡಿರುತ್ತಾರೆ, ಕೆಲವರು ಗೂಗಲ್ ಪ್ಲೇನಲ್ಲಿ, ಇನ್ನು ಕೆಲವರು ವೆಬ್‌ಸೈಟ್‌ನಲ್ಲಿ ನೇರವಾಗಿ ಕಾರ್ಡ್ ಕೊಟ್ಟು. ಖಾತೆ ಡಿಲೀಟ್ ಮಾಡುವ ಫ್ಲೋವನ್ನು ಹೊಸದಾಗಿ ಕಟ್ಟುವ ತಂಡದಲ್ಲಿ ನಾನು ಸರ್ವರ್ ಕಡೆಯ ಕೆಲಸ ನೋಡುತ್ತಿದ್ದೆ.

ಮೊದಲು ಅಲ್ಲಿ ಇದ್ದದ್ದು 'ಖಾತೆ ನಿಷ್ಕ್ರಿಯಗೊಳಿಸಿ' ಅನ್ನುವ ಒಂದು ಬಟನ್ ಅಷ್ಟೇ. ಒತ್ತಿದರೆ ಡೇಟಾಬೇಸ್‌ನಲ್ಲಿ `is_active` ಅನ್ನುವುದು `false` ಆಗುತ್ತಿತ್ತು, ಬರಹ, ಫೋಟೊ, ಈಮೇಲ್ ಎಲ್ಲವೂ ಇದ್ದಲ್ಲೇ ಇರುತ್ತಿತ್ತು. ಐಫೋನ್ ಆ್ಯಪ್‌ನ ಹೊಸ ಆವೃತ್ತಿ ರಿವ್ಯೂಗೆ ಹೋದಾಗ ಆ್ಯಪಲ್‌ನ 5.1.1(v) ನಿಯಮದ ಹೆಸರಿನಲ್ಲಿ ವಾಪಸ್ ಬಂತು. ಆ ನಿಯಮ ಹೇಳುವುದು ಇಷ್ಟು: ಆ್ಯಪ್ ಒಳಗೆ ಖಾತೆ ತೆರೆಯಲು ಆಗುತ್ತದೆ ಅಂದರೆ, ಆ್ಯಪ್ ಒಳಗಿನಿಂದಲೇ ಡಿಲೀಟ್ ಶುರು ಮಾಡಲೂ ಆಗಬೇಕು. 2022ರ ಜೂನ್ 30ರಿಂದ ಇದು ಕಡ್ಡಾಯ. ತಾತ್ಕಾಲಿಕವಾಗಿ ಮುಚ್ಚಿಡುವುದು ಲೆಕ್ಕಕ್ಕೆ ಬರುವುದಿಲ್ಲ. ಕಾನೂನು ಇಟ್ಟುಕೊಳ್ಳಲೇಬೇಕು ಅನ್ನುವ ಮಾಹಿತಿ ಬಿಟ್ಟು ಉಳಿದ ವೈಯಕ್ತಿಕ ಮಾಹಿತಿ ಹೋಗಬೇಕು. ಗೂಗಲ್ ಪ್ಲೇ 2023ರಲ್ಲಿ ಇಂಥದ್ದೇ ನಿಯಮ ಪ್ರಕಟಿಸಿತು, ಜೊತೆಗೆ ಇನ್ನೊಂದು ಶರತ್ತು ಸೇರಿಸಿತು: ಆ್ಯಪ್ ಒಳಗಿನ ದಾರಿಯಷ್ಟೇ ಸಾಲದು, ಆ್ಯಪ್ ತೆಗೆದುಹಾಕಿದವರೂ ಡಿಲೀಟ್ ಕೇಳಲು ಒಂದು ವೆಬ್ ಪುಟ ಇರಬೇಕು, ಅದರ ಲಿಂಕನ್ನು ಪ್ಲೇ ಕನ್ಸೋಲ್‌ನ ಡೇಟಾ ಸೇಫ್ಟಿ ಫಾರ್ಮ್‌ನಲ್ಲಿ ಕೊಡಬೇಕು.

ಹೀಗಾಗಿ ಕೆಲಸ ಶುರುವಾಗಿದ್ದು ರಿವ್ಯೂ ದಾಟಿಸುವುದಕ್ಕೆ. ಆದರೆ ಸಪೋರ್ಟ್‌ಗೆ ಬಂದ ಹಳೆಯ ದೂರುಗಳನ್ನು ತೆಗೆದು ನೋಡಿದಾಗ ಅದಕ್ಕಿಂತ ದೊಡ್ಡ ತೊಂದರೆ ಕಾಣಿಸಿತು. 'ಖಾತೆ ಮುಚ್ಚಿದ್ದೇನೆ, ಆದರೂ ತಿಂಗಳು ತಿಂಗಳು ದುಡ್ಡು ಕಟ್ ಆಗ್ತಿದೆ' ಅನ್ನುವ ಧಾಟಿಯ ದೂರುಗಳು ಪದೇ ಪದೇ ಬಂದಿದ್ದವು. ಸರ್ವರ್ ಲಾಗ್ ನೋಡಿದರೆ ಇನ್ನೊಂದು ವಿಚಿತ್ರ: ಈಮೇಲ್ ಇಲ್ಲ, ಹೆಸರಿಲ್ಲ, ಒಂದು ಬರಹವೂ ಇಲ್ಲ, ಆದರೆ 'ಪ್ರೀಮಿಯಂ' ಅಂತ ಗುರುತಾಗಿರುವ ಖಾತೆಗಳು. ಯಾರೂ ಸೈನ್ ಅಪ್ ಮಾಡದೆ ಅವು ಹುಟ್ಟಿಕೊಂಡಿದ್ದವು. ಎರಡಕ್ಕೂ ಬೇರು ಒಂದೇ.

ಖಾತೆ ನಮ್ಮದು, ಸಬ್‌ಸ್ಕ್ರಿಪ್ಷನ್ ಸ್ಟೋರ್‌ನದ್ದು

ಆ್ಯಪ್ ಸ್ಟೋರ್‌ನಲ್ಲಿ ತೆಗೆದುಕೊಂಡ ಸಬ್‌ಸ್ಕ್ರಿಪ್ಷನ್ ಬಳಕೆದಾರರಿಗೂ ಆ್ಯಪಲ್‌ಗೂ ನಡುವಿನ ವ್ಯವಹಾರ. ಅದನ್ನು ಕ್ಯಾನ್ಸಲ್ ಮಾಡುವ ಎಪಿಐ ನಮ್ಮ ಕೈಗೆ ಇಲ್ಲ. ನಮ್ಮ ಡೇಟಾಬೇಸ್‌ನಿಂದ ಆ ವ್ಯಕ್ತಿಯ ಸಾಲನ್ನು ಅಳಿಸಿದರೂ ಆ್ಯಪಲ್‌ಗೆ ಅದು ಗೊತ್ತಾಗುವುದಿಲ್ಲ. ಮುಂದಿನ ತಿಂಗಳು ರಿನ್ಯೂ ಆಗುತ್ತದೆ, ಆ್ಯಪಲ್‌ನಿಂದ ನಮ್ಮ ಸರ್ವರ್‌ಗೆ `DID_RENEW` ಅನ್ನುವ ನೋಟಿಫಿಕೇಷನ್ ಬರುತ್ತದೆ.

ಗೂಗಲ್ ಪ್ಲೇ ಈ ವಿಷಯದಲ್ಲಿ ಬೇರೆ. ಅಲ್ಲಿ `purchases.subscriptions.cancel` ಕರೆದರೆ ನಮ್ಮ ಸರ್ವರ್‌ನಿಂದಲೇ ಮುಂದಿನ ರಿನ್ಯೂವಲ್ ನಿಲ್ಲಿಸಬಹುದು. ಈಗಾಗಲೇ ದುಡ್ಡು ಕೊಟ್ಟ ಅವಧಿ ಮುಗಿಯುವವರೆಗೆ ಸಬ್‌ಸ್ಕ್ರಿಪ್ಷನ್ ಇರುತ್ತದೆ, ಆಮೇಲೆ ನಿಲ್ಲುತ್ತದೆ. ಕೂಡಲೇ ನಿಲ್ಲಿಸಿ ದುಡ್ಡು ವಾಪಸ್ ಕೊಡಬೇಕು ಅಂದರೆ `revoke` ಇದೆ. ವೆಬ್‌ನಲ್ಲಿ ಕಾರ್ಡ್ ಕೊಟ್ಟವರದ್ದು ಇನ್ನೂ ಸುಲಭ. ಅಲ್ಲಿ ಮಾರುವವರೇ ನಾವು, ಆದ್ದರಿಂದ ಕ್ಯಾನ್ಸಲ್ ಮಾಡುವ ಹೊಣೆಯೂ ಪೂರ್ತಿ ನಮ್ಮದೇ.

ಹಳೆಯ ಕೋಡ್ ಈ ಮೂರನ್ನೂ ಒಂದೇ ಥರ ನೋಡುತ್ತಿತ್ತು, ಅಂದರೆ ಯಾವುದನ್ನೂ ಕ್ಯಾನ್ಸಲ್ ಮಾಡುತ್ತಿರಲಿಲ್ಲ. ಅದರ ಮೇಲೆ, ಸಪೋರ್ಟ್‌ನವರು ಕೈಯಿಂದ ಅಳಿಸಿದ ಖಾತೆಗಳಿಗೆ `DID_RENEW` ಬಂದಾಗ ಕೋಡ್ 'ಇದ್ದರೆ ಅಪ್‌ಡೇಟ್ ಮಾಡು, ಇಲ್ಲದಿದ್ದರೆ ಹೊಸದು ಮಾಡು' ಅನ್ನುವ ರೀತಿಯಲ್ಲಿ ನಡೆದುಕೊಳ್ಳುತ್ತಿತ್ತು. ಆ ಖಾಲಿ ಪ್ರೀಮಿಯಂ ಖಾತೆಗಳು ಹುಟ್ಟಿದ್ದು ಹೀಗೆ. ಯಾರೋ ಡಿಲೀಟ್ ಮಾಡಿಸಿಕೊಂಡ ಖಾತೆ ದುಡ್ಡು ಕೊಡುತ್ತಾ ಕೊಡುತ್ತಾ ಮತ್ತೆ ಹುಟ್ಟಿತ್ತು, ಅದೂ ಅವರಿಗೆ ಗೊತ್ತಿಲ್ಲದ ಹಾಗೆ.

ನಿಮ್ಮ ಆ್ಯಪ್‌ನಲ್ಲಿ ಇದು ಆಗುತ್ತಿದೆಯೇ ಅಂತ ನೋಡುವುದು ಕಷ್ಟವಿಲ್ಲ. ಸ್ಟೋರ್ ನೋಟಿಫಿಕೇಷನ್ ಪಡೆಯುವ ವಿಳಾಸದಲ್ಲಿ 500 ಎರರ್‌ಗಳು ಇವೆಯೇ, ಒಂದೇ ವ್ಯವಹಾರಕ್ಕೆ ಸೇರಿದ ನೋಟಿಫಿಕೇಷನ್ ಮತ್ತೆ ಮತ್ತೆ ಬರುತ್ತಿದೆಯೇ ನೋಡಿ. ನಾವು 200 ಅಂತ ಉತ್ತರಿಸದಿದ್ದರೆ ಆ್ಯಪಲ್‌ನ ಎರಡನೇ ಆವೃತ್ತಿಯ ನೋಟಿಫಿಕೇಷನ್ ಐದು ಸಲ ಮತ್ತೆ ಬರುತ್ತದೆ, 1, 12, 24, 48, 72 ಗಂಟೆಗಳ ಅಂತರದಲ್ಲಿ. ಈ ಲಯದಲ್ಲಿ ಬರುವ ಎರರ್ ಕಂಡರೆ ಅದರ ಹಿಂದೆ ಅಳಿಸಿಹೋದ ಖಾತೆ ಇರುವ ಸಾಧ್ಯತೆ ಜಾಸ್ತಿ.

'ಮೊದಲು ಕ್ಯಾನ್ಸಲ್ ಮಾಡಿ ಬನ್ನಿ' ಅನ್ನುವ ಪರದೆ ಬೇಡ

ತಂಡದಲ್ಲಿ ಮೊದಲು ಬಂದ ಸಲಹೆ ಇದು: ಸಬ್‌ಸ್ಕ್ರಿಪ್ಷನ್ ಚಾಲ್ತಿಯಲ್ಲಿದ್ದರೆ ಡಿಲೀಟ್ ಬಟನ್ ಕೆಲಸ ಮಾಡದಂತೆ ಇಡೋಣ, ಮೊದಲು ಕ್ಯಾನ್ಸಲ್ ಮಾಡಿ ಬರಲಿ. ನೋಡೋಕೆ ಸರಿ ಅನ್ನಿಸುತ್ತದೆ. ಉಚಿತ ಖಾತೆಗಳಿಗಷ್ಟೇ ಡಿಲೀಟ್ ಅಂತಾದರೆ ಮೇಲಿನ ತೊಂದರೆಯೇ ಇರುವುದಿಲ್ಲ ಅಲ್ವಾ?

ನಾನು ಇದನ್ನು ಗಟ್ಟಿಯಾಗಿ ವಿರೋಧಿಸಿದೆ. ಕಾರಣ, ಕ್ಯಾನ್ಸಲ್ ಮಾಡಲು ಆಗದ ಸ್ಥಿತಿಯಲ್ಲಿ ಇರುವವರು ನಾವು ಅಂದುಕೊಳ್ಳುವುದಕ್ಕಿಂತ ಜಾಸ್ತಿ. ಐಫೋನ್‌ನಲ್ಲಿ ಸಬ್‌ಸ್ಕ್ರಿಪ್ಷನ್ ತೆಗೆದುಕೊಂಡು ಈಗ ಆಂಡ್ರಾಯ್ಡ್ ಬಳಸುವವರಿಗೆ ಕ್ಯಾನ್ಸಲ್ ಮಾಡುವ ಪರದೆ ಆ್ಯಪ್‌ನಲ್ಲಿ ಸಿಗುವುದೇ ಇಲ್ಲ. ಫೋನ್‌ನಲ್ಲಿ ಈಗ ಲಾಗಿನ್ ಆಗಿರುವ ಆ್ಯಪಲ್ ಐಡಿ ಒಂದು, ಅವತ್ತು ದುಡ್ಡು ಕೊಟ್ಟ ಐಡಿ ಇನ್ನೊಂದು ಆಗಿರಬಹುದು. `showManageSubscriptions` ಕರೆದಾಗ ತೆರೆಯುವ ಹಾಳೆ ಈಗಿನ ಐಡಿಯ ಸಬ್‌ಸ್ಕ್ರಿಪ್ಷನ್‌ಗಳನ್ನಷ್ಟೇ ತೋರಿಸುತ್ತದೆ, ನಮ್ಮದು ಅದರಲ್ಲಿ ಇರುವುದಿಲ್ಲ. ಇವರನ್ನೆಲ್ಲ 'ಮೊದಲು ಕ್ಯಾನ್ಸಲ್ ಮಾಡಿ' ಅಂತ ವಾಪಸ್ ಕಳಿಸಿದರೆ ಅವರಿಗೆ ಹೊರಗೆ ಹೋಗುವ ದಾರಿಯೇ ಇಲ್ಲ. ಡಿಲೀಟ್ ಮಾಡುವುದನ್ನು ಬೇಕಿಲ್ಲದೆ ಕಷ್ಟ ಮಾಡಬಾರದು ಅನ್ನುವುದು ಆ್ಯಪಲ್‌ನ ಮಾರ್ಗಸೂಚಿಯಲ್ಲೂ ಇದೆ.

ಕೊನೆಗೆ ನಿರ್ಧಾರವಾದದ್ದು: ಸಬ್‌ಸ್ಕ್ರಿಪ್ಷನ್ ಡಿಲೀಟ್‌ಗೆ ಅಡ್ಡ ಬರುವುದಿಲ್ಲ, ಆದರೆ ಅದನ್ನು ದಾಟದೆ ಯಾರೂ ಡಿಲೀಟ್ ತಲುಪುವುದಿಲ್ಲ. ಅಂದರೆ ಮಧ್ಯದಲ್ಲಿ ಒಂದು ಪರದೆ, ಯಾವ ದಾರಿಯಿಂದ ದುಡ್ಡು ಬರುತ್ತಿದೆ ಅನ್ನುವುದರ ಮೇಲೆ ಅದರ ಮಾತು ಬದಲಾಗುತ್ತದೆ.

ಪ್ಲೇ ಮತ್ತು ವೆಬ್‌ನವರಿಗೆ: 'ನಿಮ್ಮ ಸಬ್‌ಸ್ಕ್ರಿಪ್ಷನ್ ಅನ್ನು ನಾವೇ ಕ್ಯಾನ್ಸಲ್ ಮಾಡುತ್ತೇವೆ. ಇನ್ನು ಮುಂದೆ ದುಡ್ಡು ಕಟ್ ಆಗುವುದಿಲ್ಲ. ಮನಸ್ಸು ಬದಲಾಯಿಸಿ ಖಾತೆ ಉಳಿಸಿಕೊಂಡರೂ ಸಬ್‌ಸ್ಕ್ರಿಪ್ಷನ್ ಅನ್ನು ಮತ್ತೆ ನೀವೇ ಶುರು ಮಾಡಬೇಕು.'

ಆ್ಯಪ್ ಸ್ಟೋರ್‌ನವರಿಗೆ: 'ನಿಮ್ಮ ಸಬ್‌ಸ್ಕ್ರಿಪ್ಷನ್ ಅನ್ನು ನಾವು ಕ್ಯಾನ್ಸಲ್ ಮಾಡಲು ಆಗುವುದಿಲ್ಲ. ನೀವು ಕ್ಯಾನ್ಸಲ್ ಮಾಡುವವರೆಗೆ, ಖಾತೆ ಡಿಲೀಟ್ ಆದಮೇಲೂ ದುಡ್ಡು ಕಟ್ ಆಗುತ್ತದೆ.' ಅದರ ಕೆಳಗೆ ಮುಂದಿನ ರಿನ್ಯೂ ದಿನಾಂಕ ದೊಡ್ಡದಾಗಿ. ಆಮೇಲೆ 'ಸಬ್‌ಸ್ಕ್ರಿಪ್ಷನ್ ಕ್ಯಾನ್ಸಲ್ ಮಾಡಿ' ಬಟನ್. ಅದರ ಕೆಳಗೆ 'ಕ್ಯಾನ್ಸಲ್ ಮಾಡದೆ ಮುಂದುವರಿಯಿರಿ' ಅನ್ನುವುದೂ ಇದೆ, ಓದಲಾಗದಷ್ಟು ಚಿಕ್ಕ ಅಕ್ಷರದಲ್ಲಿ ಬಚ್ಚಿಟ್ಟಿಲ್ಲ.

ಬಟನ್ ಒತ್ತಿ ಕ್ಯಾನ್ಸಲ್ ಹಾಳೆಗೆ ಹೋಗಿ ವಾಪಸ್ ಬಂದವರೆಲ್ಲ ನಿಜಕ್ಕೂ ಕ್ಯಾನ್ಸಲ್ ಮಾಡಿರುತ್ತಾರೆ ಅಂತಿಲ್ಲ. ಸುಮ್ನೆ ನೋಡಿ ಬಂದಿರಬಹುದು, ಬೇರೆ ಐಡಿ ಇದ್ದು ಏನೂ ಕಾಣದೆ ಬಂದಿರಬಹುದು. ಆದ್ದರಿಂದ ವಾಪಸ್ ಬಂದ ಕೂಡಲೇ ಸರ್ವರ್ ಆ್ಯಪಲ್ ಹತ್ತಿರ ಸ್ಥಿತಿ ಕೇಳುತ್ತದೆ. ಉತ್ತರದಲ್ಲಿ `autoRenewStatus` 0 ಇದ್ದರೆ ಮಾತ್ರ 'ಕ್ಯಾನ್ಸಲ್ ಆಗಿದೆ' ಅಂತ ಹಸಿರು ಗುರುತು. 1 ಇದ್ದರೆ ಅದೇ ಪರದೆ, ಜೊತೆಗೆ 'ಬೇರೆ ಆ್ಯಪಲ್ ಐಡಿಯಿಂದ ತೆಗೆದುಕೊಂಡಿದ್ದೀರಾ?' ಅನ್ನುವ ಒಂದು ಸಾಲು ಮತ್ತು ಆ ಐಡಿಯಿಂದ ಕ್ಯಾನ್ಸಲ್ ಮಾಡುವ ವಿವರ.

ವರ್ಷದ ಸಬ್‌ಸ್ಕ್ರಿಪ್ಷನ್ ಇರುವವರಿಗೆ ಇನ್ನೊಂದು ಆಯ್ಕೆ ಕೊಟ್ಟೆವು. ಇನ್ನೂ ಏಳು ತಿಂಗಳು ಬಾಕಿ ಇದೆ ಅಂದುಕೊಳ್ಳಿ, ಅಷ್ಟು ದುಡ್ಡು ಬಿಟ್ಟುಕೊಡಲು ಯಾರಿಗೂ ಮನಸ್ಸಿರುವುದಿಲ್ಲ. 'ಅವಧಿ ಮುಗಿದ ದಿನ ಡಿಲೀಟ್ ಮಾಡಿ' ಅಂತ ಆರಿಸಬಹುದು. ಆದರೆ ಇದು 'ಈಗಲೇ ಶುರು ಮಾಡಿ' ಅನ್ನುವುದರ ಪಕ್ಕದಲ್ಲಿ ಇರಬೇಕು, ಅದರ ಬದಲಿಗೆ ಇರಬಾರದು.

ಹದಿನಾಲ್ಕು ದಿನ ಯಾಕೆ

ಡಿಲೀಟ್ ಒತ್ತಿದ ಮೇಲೆ 14 ದಿನ ಕಾಯುವ ಅವಧಿ ಇಟ್ಟೆವು. ದಿನಚರಿಯಲ್ಲಿ ವರ್ಷಗಟ್ಟಲೆ ಬರೆದದ್ದು ಇರುತ್ತದೆ, ಒಮ್ಮೆ ಅಳಿಸಿದರೆ ತರಲು ಆಗುವುದಿಲ್ಲ. ಬೇರೆ ಯಾರೋ ಖಾತೆಗೆ ನುಗ್ಗಿ ಡಿಲೀಟ್ ಒತ್ತಿರಬಹುದು. ಒತ್ತಿದ ಕೂಡಲೇ ಎಲ್ಲ ಫೋನ್‌ಗಳಿಂದ ಲಾಗೌಟ್ ಆಗುತ್ತದೆ, ಖಾತೆಗೆ ಬೀಗ ಬೀಳುತ್ತದೆ, ಈಮೇಲ್ ಹೋಗುತ್ತದೆ. ಅವಧಿಯೊಳಗೆ ಮತ್ತೆ ಲಾಗಿನ್ ಆದರೆ 'ಉಳಿಸಿಕೊಳ್ಳಿ' ಮತ್ತು 'ಕಾಯದೆ ಈಗಲೇ ಅಳಿಸಿ' ಅನ್ನುವ ಎರಡು ಬಟನ್ ಮಾತ್ರ ಕಾಣುತ್ತವೆ. ಕಾಯುವ ಅವಧಿ ಇಟ್ಟರೆ ಅದು ನಿಷ್ಕ್ರಿಯಗೊಳಿಸಿದ ಹಾಗೆ ಆಯ್ತಲ್ಲ ಅಂತ ಕೇಳಬಹುದು. ವ್ಯತ್ಯಾಸ ಇಷ್ಟೇ: ಯಾರೂ ಏನೂ ಮಾಡದಿದ್ದರೆ ಇಲ್ಲಿ ಖಾತೆ ಅಳಿಯುತ್ತದೆ, ಯಾವ ದಿನ ಅಂತ ಮೊದಲೇ ಹೇಳಿರುತ್ತೇವೆ. ಯುರೋಪಿನ ಜಿಡಿಪಿಆರ್ ಕಾನೂನಿನ ಪ್ರಕಾರ ಇಂಥ ಕೋರಿಕೆಗೆ ಸಾಮಾನ್ಯವಾಗಿ ಒಂದು ತಿಂಗಳೊಳಗೆ ಉತ್ತರ ಕೊಡಬೇಕು. 14 ದಿನ ಅದರೊಳಗೆ ಆರಾಮಾಗಿ ಕೂರುತ್ತದೆ, ಏನಾದರೂ ಕೆಟ್ಟರೆ ಸರಿ ಮಾಡಲೂ ಜಾಗ ಉಳಿಯುತ್ತದೆ.

ಈ ಅವಧಿಯಲ್ಲೇ ಒಂದು ಬಲೆ ಇದೆ. ರಿನ್ಯೂ ಆಗಲು ಮೂರು ದಿನ ಬಾಕಿ ಇರುವಾಗ ಒಬ್ಬರು ಡಿಲೀಟ್ ಒತ್ತುತ್ತಾರೆ. ನಾವು 14 ದಿನ ಕಾಯುತ್ತೇವೆ. ಆ ನಡುವೆ ಇನ್ನೊಂದು ತಿಂಗಳ ದುಡ್ಡು ಕಟ್ ಆಗುತ್ತದೆ. ಇದಕ್ಕೇ ಪ್ಲೇ ಮತ್ತು ವೆಬ್ ಸಬ್‌ಸ್ಕ್ರಿಪ್ಷನ್‌ಗಳನ್ನು ಅವಧಿಯ ಕೊನೆಗೆ ಬಿಡದೆ, ಬಟನ್ ಒತ್ತಿದ ಕ್ಷಣವೇ ಕ್ಯಾನ್ಸಲ್‌ಗೆ ಹಾಕಿದೆವು. ಆ್ಯಪ್ ಸ್ಟೋರ್‌ನವರಿಗೆ ಅದು ಸಾಧ್ಯವಿಲ್ಲ, ಆದ್ದರಿಂದ ಕಾಯುವ ಅವಧಿಯನ್ನು ಅವರ ಉಪಯೋಗಕ್ಕೇ ತಿರುಗಿಸಿದೆವು. ಆ ದಿನಗಳಲ್ಲಿ ಅವರ ಈಮೇಲ್ ಇನ್ನೂ ನಮ್ಮ ಹತ್ತಿರ ಇರುತ್ತದೆ. `autoRenewStatus` ಇನ್ನೂ 1 ಇದ್ದರೆ ರಿನ್ಯೂ ದಿನಕ್ಕೆ ಮೂರು ದಿನ ಮೊದಲು ಒಂದು ನೆನಪೋಲೆ, ಅಳಿಸುವ ಹಿಂದಿನ ದಿನ ಇನ್ನೊಂದು. ಮೂರು ದಿನ ಯಾಕೆ ಅಂದರೆ, ಅವಧಿ ಮುಗಿಯುವ ಕನಿಷ್ಠ 24 ಗಂಟೆ ಮೊದಲು ಕ್ಯಾನ್ಸಲ್ ಮಾಡದಿದ್ದರೆ ಆ್ಯಪಲ್ ಮುಂದಿನ ಅವಧಿಯ ದುಡ್ಡು ತೆಗೆದುಕೊಳ್ಳಬಹುದು. ಕೊನೆಯ ದಿನ ಹೇಳಿ ಉಪಯೋಗವಿಲ್ಲ.

ಅಳಿಸುವ ಕ್ರಮ

15ನೇ ದಿನ ಒಂದು ಜಾಬ್ ಓಡುತ್ತದೆ. ಅದರಲ್ಲಿ ಹೆಜ್ಜೆಗಳ ಕ್ರಮವೇ ಎಲ್ಲ. ಮುಖ್ಯ ಡೇಟಾಬೇಸ್‌ನ ಸಾಲನ್ನು ಮೊದಲು ಅಳಿಸಿದರೆ ಫೋಟೊ ಎಲ್ಲಿವೆ, ಸಬ್‌ಸ್ಕ್ರಿಪ್ಷನ್ ಯಾವುದು, ಅನಾಲಿಟಿಕ್ಸ್‌ನಲ್ಲಿ ಇವರ ಐಡಿ ಏನು ಅನ್ನುವ ಸುಳಿವೇ ಕಳೆದುಹೋಗುತ್ತದೆ. ಆದ್ದರಿಂದ ಹೊರಗಿನಿಂದ ಒಳಕ್ಕೆ ಬರಬೇಕು. ಮೊದಲು ಪ್ಲೇ ಮತ್ತು ವೆಬ್ ಕ್ಯಾನ್ಸಲ್ ನಿಜಕ್ಕೂ ಆಗಿದೆಯೇ ಅಂತ ಖಚಿತ ಮಾಡಿಕೊಳ್ಳುವುದು, ಆಮೇಲೆ ಲಾಗಿನ್ ಟೋಕನ್ ರದ್ದು, ಆಮೇಲೆ ಹೊರಗಿನ ಸೇವೆಗಳು, ಆಮೇಲೆ ಫೋಟೊ ಮತ್ತು ಧ್ವನಿ ಫೈಲ್‌ಗಳು, ಆಮೇಲೆ ಬರಹ, 'ಮುಗಿಯಿತು' ಅನ್ನುವ ಕೊನೆಯ ಈಮೇಲ್, ಎಲ್ಲಕ್ಕೂ ಕಡೆಗೆ ಬಳಕೆದಾರರ ಸಾಲು. ಪ್ರತಿ ಹೆಜ್ಜೆಯನ್ನೂ ಎರಡನೇ ಸಲ ಓಡಿಸಿದರೂ ತೊಂದರೆಯಾಗದಂತೆ ಬರೆಯಬೇಕು, ಯಾಕೆಂದರೆ ಮಧ್ಯದಲ್ಲಿ ನಿಂತ ಜಾಬ್ ಮತ್ತೆ ಮೊದಲಿನಿಂದ ಓಡುತ್ತದೆ.

ಎರಡು ಹೆಜ್ಜೆಗಳ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು.

ಆ್ಯಪಲ್ ಲಾಗಿನ್ ಇರುವ ಖಾತೆ ಅಳಿಸುವಾಗ ಅದರ ಟೋಕನ್ ಅನ್ನೂ ರದ್ದು ಮಾಡಬೇಕು:

```bash
curl -X POST https://appleid.apple.com/auth/revoke \
  -d client_id=com.example.app \
  -d client_secret="$CLIENT_SECRET" \
  -d token="$REFRESH_TOKEN" \
  -d token_type_hint=refresh_token
```

ಇಲ್ಲಿ ಸಿಕ್ಕಿಕೊಳ್ಳುವುದು `REFRESH_TOKEN`. ಲಾಗಿನ್ ಸಮಯದಲ್ಲಿ ಐಡೆಂಟಿಟಿ ಟೋಕನ್ ಪರೀಕ್ಷಿಸಿ ಬಿಟ್ಟುಬಿಡುವ ಆ್ಯಪ್‌ಗಳು ಎಷ್ಟೋ ಇವೆ, ರಿಫ್ರೆಶ್ ಟೋಕನ್ ಅವರ ಹತ್ತಿರ ಇರುವುದೇ ಇಲ್ಲ. ಈ ಆ್ಯಪ್‌ನಲ್ಲೂ ಇರಲಿಲ್ಲ. ಪರಿಹಾರ ಫ್ಲೋ ಒಳಗೇ ಇತ್ತು. ಡಿಲೀಟ್ ಮಾಡುವ ಮೊದಲು 'ನೀವೇನಾ' ಅಂತ ಖಚಿತ ಮಾಡಿಕೊಳ್ಳಲು ಮತ್ತೊಮ್ಮೆ ಲಾಗಿನ್ ಕೇಳುತ್ತೇವಲ್ಲ, ಆಗ ಸಿಗುವ ಹೊಸ ಆಥರೈಸೇಷನ್ ಕೋಡ್ ಅನ್ನು ಸರ್ವರ್‌ಗೆ ಕಳಿಸಿ ರಿಫ್ರೆಶ್ ಟೋಕನ್ ಆಗಿ ಬದಲಾಯಿಸಿ, ಡಿಲೀಟ್ ಕೋರಿಕೆಯ ಜೊತೆಗೆ ಇಟ್ಟುಕೊಂಡೆವು. ಆ ಕೋಡ್ ಒಂದೇ ಸಲ, ಐದು ನಿಮಿಷ ಮಾತ್ರ ನಡೆಯುತ್ತದೆ, ಆದ್ದರಿಂದ ಇದನ್ನು ಕ್ಯೂಗೆ ಹಾಕಿ ಆಮೇಲೆ ಮಾಡೋಣ ಅನ್ನುವ ಹಾಗಿಲ್ಲ. ರದ್ದು ಮಾಡದೆ ಬಿಟ್ಟರೆ ಏನಾಗುತ್ತದೆ? ಅವರ ಆ್ಯಪಲ್ ಐಡಿ ಸೆಟ್ಟಿಂಗ್‌ನಲ್ಲಿ ನಮ್ಮ ಆ್ಯಪ್ ಹಾಗೇ ಕಾಣುತ್ತಿರುತ್ತದೆ. ಮುಂದೆ ಎಂದಾದರೂ ಹೊಸದಾಗಿ ಸೇರಿದರೆ ಆ್ಯಪಲ್ ಹೆಸರನ್ನು ಮತ್ತೆ ಕೊಡುವುದಿಲ್ಲ, ಯಾಕೆಂದರೆ ಹೆಸರು ಸಿಗುವುದು ಮೊದಲ ಸಲದ ಲಾಗಿನ್‌ನಲ್ಲಿ ಮಾತ್ರ.

ಇನ್ನೊಂದು, ಫೈಲ್‌ಗಳು. ಫೋಟೊಗಳಿದ್ದ ಆಬ್ಜೆಕ್ಟ್ ಸ್ಟೋರೇಜ್‌ನಲ್ಲಿ ವರ್ಶನಿಂಗ್ ಆನ್ ಆಗಿತ್ತು. ಅಂಥ ಕಡೆ ಡಿಲೀಟ್ ಕರೆದರೆ ಫೈಲ್ ಹೋಗುವುದಿಲ್ಲ, ಅದರ ಮೇಲೆ 'ಡಿಲೀಟ್ ಆಗಿದೆ' ಅನ್ನುವ ಗುರುತು ಬೀಳುತ್ತದೆ ಅಷ್ಟೇ. ಹಳೆಯ ಆವೃತ್ತಿ ಕೆಳಗೆ ಹಾಗೇ ಇರುತ್ತದೆ. ಆವೃತ್ತಿ ಐಡಿ ಹಿಡಿದು ಒಂದೊಂದನ್ನೂ ಅಳಿಸಬೇಕು, ಇಲ್ಲವೇ ಹಳೆಯ ಆವೃತ್ತಿಗಳು ಇಷ್ಟು ದಿನಕ್ಕೆ ತಾವಾಗಿ ಹೋಗುವ ನಿಯಮ ಹಾಕಬೇಕು. ಇದನ್ನು ಪರೀಕ್ಷಿಸದೆ 'ಎಲ್ಲ ಅಳಿಸಿದ್ದೇವೆ' ಅಂತ ಬಳಕೆದಾರರಿಗೆ ಬರೆದರೆ ಅದು ಸುಳ್ಳು.

ಏನು ಉಳಿಯುತ್ತದೆ

ವೆಬ್‌ನಲ್ಲಿ ಕಾರ್ಡ್ ಕೊಟ್ಟವರ ಇನ್‌ವಾಯ್ಸ್‌ಗಳನ್ನು ತೆರಿಗೆ ಕಾನೂನು ಹೇಳುವಷ್ಟು ವರ್ಷ ಇಡಲೇಬೇಕು. ಎಷ್ಟು ವರ್ಷ ಅನ್ನುವುದು ದೇಶದಿಂದ ದೇಶಕ್ಕೆ ಬೇರೆ. ಜಿಡಿಪಿಆರ್‌ನ 17ನೇ ವಿಧಿ ಅಳಿಸುವ ಹಕ್ಕು ಕೊಡುತ್ತದೆ, ಕಾನೂನಿನ ಹೊಣೆಗಾಗಿ ಇಡಬೇಕಾದ್ದನ್ನು ಅದೇ ವಿಧಿ ಹೊರಗಿಡುತ್ತದೆ. ಆದರೆ ಇದನ್ನು ನೆಪ ಮಾಡಿಕೊಂಡು ಬಳಕೆದಾರರ ಸಾಲು ಪೂರ್ತಿ ಉಳಿಸಿಕೊಳ್ಳುವುದು ತಪ್ಪು. ಇನ್‌ವಾಯ್ಸ್‌ನಲ್ಲಿ ಇರಬೇಕಾದಷ್ಟು ಮಾತ್ರ ಬೇರೆ ಜಾಗಕ್ಕೆ ಹೋಯಿತು: ನಂಬರ್, ದಿನಾಂಕ, ಮೊತ್ತ, ತೆರಿಗೆ, ಕಾನೂನು ಕೇಳುವ ಹೆಸರು ಮತ್ತು ವಿಳಾಸ. ಅಲ್ಲಿಗೆ ಕೈ ಹಾಕಲು ಲೆಕ್ಕಪತ್ರ ನೋಡುವವರಿಗೆ ಮಾತ್ರ ಅನುಮತಿ. ಸ್ಟೋರ್ ಮೂಲಕ ಕೊಂಡವರಿಗೆ ರಶೀದಿ ಕೊಡುವುದು ಸ್ಟೋರ್, ಅವರ ಹೆಸರು ವಿಳಾಸ ನಾವು ಇಡುವ ಅಗತ್ಯ ಬರಲಿಲ್ಲ.

ಬ್ಯಾಕಪ್‌ಗಳಿಂದ ಒಬ್ಬರ ಮಾಹಿತಿಯನ್ನು ಮಾತ್ರ ಕಿತ್ತು ತೆಗೆಯುವುದು ಕಾರ್ಯಸಾಧ್ಯವಲ್ಲ. ಬ್ಯಾಕಪ್‌ನ ಆಯಸ್ಸು 30 ದಿನ ಅಂತ ನಿಗದಿ ಮಾಡಿ, ಅದನ್ನೇ ಡಿಲೀಟ್ ಪರದೆಯಲ್ಲಿ ಬರೆದೆವು. ಜೊತೆಗೆ ಅಳಿಸಿದ ಖಾತೆಗಳ ಆಂತರಿಕ ಐಡಿಗಳ ಪಟ್ಟಿಯೊಂದನ್ನು ಬ್ಯಾಕಪ್‌ನ ಹೊರಗೆ, ಅದಕ್ಕಿಂತ ಸ್ವಲ್ಪ ಜಾಸ್ತಿ ದಿನ ಇಡುತ್ತೇವೆ. ಬ್ಯಾಕಪ್ ರಿಸ್ಟೋರ್ ಆದ ಕೂಡಲೇ, ಜನರಿಗೆ ತೆರೆಯುವ ಮೊದಲು, ಆ ಪಟ್ಟಿ ಹಿಡಿದು ಡಿಲೀಟ್ ಮತ್ತೆ ಓಡುತ್ತದೆ. ಪಟ್ಟಿ ಬ್ಯಾಕಪ್‌ನ ಒಳಗೇ ಇದ್ದರೆ ಅದೂ ಹಳೆಯದಾಗಿಬಿಡುತ್ತದೆ.

ಮೂರನೆಯದು, ಈ ಪ್ರಕರಣದ ಮುಖ್ಯ ತುಂಡು. ಕ್ಯಾನ್ಸಲ್ ಮಾಡದೆ ಡಿಲೀಟ್ ಮಾಡಿದ ಆ್ಯಪ್ ಸ್ಟೋರ್ ಬಳಕೆದಾರರಿಗೆ ಒಂದು ಚಿಕ್ಕ ಟೇಬಲ್. ಇದರ ಸಾಲು ಬರೆಯುವುದು ಬಳಕೆದಾರರ ಸಾಲನ್ನು ಅಳಿಸುವ ಟ್ರಾನ್ಸಾಕ್ಷನ್ ಒಳಗೇ, ಇಲ್ಲದಿದ್ದರೆ ನಡುವೆ ಬಂದ ನೋಟಿಫಿಕೇಷನ್ ಎರಡೂ ಕಡೆ ಸಿಗದೆ ಹೋಗುತ್ತದೆ.

```sql
CREATE TABLE orphan_subscriptions (
  original_transaction_id TEXT PRIMARY KEY,
  deleted_at      TIMESTAMP NOT NULL,
  paid_until      TIMESTAMP,
  refund_consent  BOOLEAN NOT NULL,
  purge_after     TIMESTAMP
);
```

ಇದರಲ್ಲಿ ಈಮೇಲ್ ಇಲ್ಲ, ಹೆಸರಿಲ್ಲ, ಹಳೆಯ ಬಳಕೆದಾರರ ಐಡಿಯೂ ಇಲ್ಲ. ಈಮೇಲ್‌ನ ಹ್ಯಾಶ್ ಇಡೋಣ, ಸಪೋರ್ಟ್‌ಗೆ ಹುಡುಕಲು ಸುಲಭ ಅನ್ನುವ ಮಾತು ಬಂತು. ಬೇಡ ಅಂದೆವು. ಈಮೇಲ್ ಗೊತ್ತಿರುವ ಯಾರು ಬೇಕಾದರೂ ಅದೇ ಹ್ಯಾಶ್ ಮತ್ತೆ ಲೆಕ್ಕ ಹಾಕಿ ಹೋಲಿಸಬಹುದು, ಹಾಗಾಗಿ ಅದು ಇನ್ನೂ ವೈಯಕ್ತಿಕ ಮಾಹಿತಿಯೇ. ದುಡ್ಡಿನ ವಿವಾದ ಬಂದರೆ ಬಳಕೆದಾರರು ಆ್ಯಪ್ ತೆರೆದು 'ರಿಸ್ಟೋರ್' ಒತ್ತಿದರೆ ಸಾಕು, ಆ್ಯಪಲ್‌ನಿಂದಲೇ `originalTransactionId` ಸಿಗುತ್ತದೆ, ಟೇಬಲ್‌ನಲ್ಲಿ ಹುಡುಕಬಹುದು.

ಸಾಲು ಎಂದೆಂದಿಗೂ ಇರುವುದಿಲ್ಲ. ಆ್ಯಪಲ್‌ನಿಂದ `EXPIRED` ಬಂದ ದಿನದಿಂದ 90 ದಿನಕ್ಕೆ `purge_after` ನಿಗದಿಯಾಗುತ್ತದೆ. ಅಷ್ಟರೊಳಗೆ ರೀಫಂಡ್ ವಿವಾದಗಳು ಬಂದು ಮುಗಿದಿರುತ್ತವೆ ಅನ್ನುವುದು ತಂಡದ ಅಂದಾಜು.

ಅಳಿಸಿದ ಮೇಲೆ ಬರುವ ನೋಟಿಫಿಕೇಷನ್

ಈಗ `DID_RENEW` ಬಂದರೆ ಏನು ಮಾಡುವುದು? ಕೋಡ್ ಹೀಗಾಯಿತು:

```python
user = find_user(tx_id)
if user:
    apply_event(user, event)
elif orphan := find_orphan(tx_id):
    update_orphan(orphan, event)
else:
    hold_for_retry(event)
return 200
```

ಎಲ್ಲಿಯೂ ಹೊಸ ಬಳಕೆದಾರರನ್ನು ಸೃಷ್ಟಿಸುವ ಸಾಲಿಲ್ಲ. ಸ್ಟೋರ್ ನೋಟಿಫಿಕೇಷನ್‌ನಿಂದ ಖಾತೆ ಹುಟ್ಟಬಾರದು, ಅದು ಹುಟ್ಟುವುದು ಸೈನ್ ಅಪ್‌ನಿಂದ ಮಾತ್ರ. ಮೂರನೇ ಕವಲು ಯಾಕೆ ಅಂದರೆ, ಒಬ್ಬರು ಈಗಷ್ಟೇ ಕೊಂಡಿದ್ದು, ಆ್ಯಪ್ ನಮ್ಮ ಸರ್ವರ್‌ಗೆ ತಿಳಿಸುವ ಮೊದಲೇ ಆ್ಯಪಲ್‌ನ ನೋಟಿಫಿಕೇಷನ್ ಬಂದುಬಿಡಬಹುದು. ಅಂಥದ್ದನ್ನು ಒಂದು ದಿನ ಪಕ್ಕಕ್ಕಿಟ್ಟು ಮತ್ತೆ ಹುಡುಕುತ್ತದೆ, ಆಗಲೂ ಯಾರೂ ಸಿಗದಿದ್ದರೆ ಬಿಟ್ಟುಬಿಡುತ್ತದೆ. ಹಿಡಿದಿಡುವ ಕೆಲಸವೇ ವಿಫಲವಾದರೆ ಮಾತ್ರ 500 ಹೋಗಲಿ, ಆ್ಯಪಲ್ ಮತ್ತೆ ಕಳಿಸುತ್ತದೆ.

ಖಾತೆ ಇಲ್ಲದ ಸಬ್‌ಸ್ಕ್ರಿಪ್ಷನ್ ರಿನ್ಯೂ ಆದಾಗ ಬಳಕೆದಾರರಿಗೆ ತಿಳಿಸಲು ನಮ್ಮಲ್ಲಿ ಈಮೇಲ್ ಇಲ್ಲ, ದುಡ್ಡು ನಾವೇ ವಾಪಸ್ ಕೊಡಲೂ ಆಗುವುದಿಲ್ಲ. ಆದರೆ ಅವರು ಆ್ಯಪಲ್ ಹತ್ತಿರ ರೀಫಂಡ್ ಕೇಳಿದಾಗ ನಮಗೆ `CONSUMPTION_REQUEST` ಬರುತ್ತದೆ, 12 ಗಂಟೆಯೊಳಗೆ ಉತ್ತರಿಸಬಹುದು. ಆಗ 'ಈ ಅವಧಿಯಲ್ಲಿ ಸೇವೆ ಬಳಸಿಯೇ ಇಲ್ಲ' ಅಂತ ತಿಳಿಸಿದರೆ ಅವರಿಗೆ ಅನುಕೂಲ. ತೀರ್ಮಾನ ಆ್ಯಪಲ್‌ನದ್ದೇ. ಆದರೆ ಇಂಥ ಮಾಹಿತಿ ಕಳಿಸಲು ಬಳಕೆದಾರರ ಒಪ್ಪಿಗೆ ಬೇಕು. ಖಾತೆ ಅಳಿದ ಮೇಲೆ ಒಪ್ಪಿಗೆ ಕೇಳಲು ಯಾರೂ ಇರುವುದಿಲ್ಲ. ಅದಕ್ಕೇ ಕ್ಯಾನ್ಸಲ್ ಮಾಡದೆ ಮುಂದೆ ಹೋಗುವವರಿಗೆ ಆ ಪರದೆಯಲ್ಲೇ ಒಂದು ಟಿಕ್ ಬಾಕ್ಸ್ ಇಟ್ಟೆವು: 'ಮುಂದೆ ನಾನು ರೀಫಂಡ್ ಕೇಳಿದರೆ, ನಾನು ಆ್ಯಪ್ ಬಳಸಿಲ್ಲ ಎಂದು ಆ್ಯಪಲ್‌ಗೆ ತಿಳಿಸಬಹುದು.' ಮೊದಲೇ ಟಿಕ್ ಹಾಕಿರುವುದಿಲ್ಲ. `refund_consent` ಅನ್ನುವುದು ಅದೇ.

ವಾಪಸ್ ಬಂದವರು

ಡಿಲೀಟ್ ಮಾಡಿದ ಕೆಲವರು ಮತ್ತೆ ಬರುತ್ತಾರೆ. ಹೊಸ ಖಾತೆ ತೆರೆಯುತ್ತಾರೆ, 'ರಿಸ್ಟೋರ್' ಒತ್ತುತ್ತಾರೆ, ಸಬ್‌ಸ್ಕ್ರಿಪ್ಷನ್ ಇನ್ನೂ ಚಾಲ್ತಿಯಲ್ಲಿರುತ್ತದೆ. ಹಳೆಯ ಕೋಡ್ ಇಲ್ಲಿ 'ಈ ಸಬ್‌ಸ್ಕ್ರಿಪ್ಷನ್ ಬೇರೆ ಖಾತೆಗೆ ಸೇರಿದೆ' ಅನ್ನುತ್ತಿತ್ತು. ಆ ಬೇರೆ ಖಾತೆಯೇ ಇಲ್ಲ! ದುಡ್ಡು ಕೊಡುತ್ತಿರುವವರಿಗೆ ಅವರದೇ ಸಬ್‌ಸ್ಕ್ರಿಪ್ಷನ್ ಸಿಗದ ಸ್ಥಿತಿ.

ಹೊಸ ನಿಯಮದಲ್ಲಿ, ರಿಸ್ಟೋರ್ ಆದ ವ್ಯವಹಾರದ ಸಹಿಯನ್ನು ಸರ್ವರ್ ಪರೀಕ್ಷಿಸುತ್ತದೆ, ಆ ಐಡಿ `orphan_subscriptions` ಒಳಗೆ ಇದ್ದರೆ ಹೊಸ ಖಾತೆಗೆ ಜೋಡಿಸಿ ಆ ಸಾಲನ್ನು ತೆಗೆಯುತ್ತದೆ. ವ್ಯವಹಾರದೊಳಗಿನ `appAccountToken` ಇನ್ನೂ ಅಳಿಸಿದ ಖಾತೆಯದ್ದೇ ಆಗಿರುತ್ತದೆ, ಕೊಳ್ಳುವ ಕ್ಷಣದಲ್ಲಿ ಇಟ್ಟದ್ದು ಅದು. ಆದ್ದರಿಂದ ಬಳಕೆದಾರರನ್ನು ಹುಡುಕುವಾಗ ಆ ಟೋಕನ್ ಮೇಲೆ ಮಾತ್ರ ನಿಲ್ಲಬಾರದು, `originalTransactionId` ಮೊದಲು ನೋಡಬೇಕು. ಹಳೆಯ ಬರಹಗಳು ವಾಪಸ್ ಬರುವುದಿಲ್ಲ, ಬರಬಾರದು ಕೂಡ.

ವೆಬ್ ಪುಟ

ಪ್ಲೇ ಕೇಳುವ ವೆಬ್ ಪುಟ ಚಿಕ್ಕದು. ಆ್ಯಪ್‌ನ ಹೆಸರು, ಹೇಗೆ ಕೇಳಬೇಕು, ಏನು ಅಳಿಯುತ್ತದೆ, ಏನು ಎಷ್ಟು ದಿನ ಉಳಿಯುತ್ತದೆ, ಒಂದು ಈಮೇಲ್ ಡಬ್ಬಿ. ಲಿಂಕ್ ಈಮೇಲ್‌ಗೆ ಹೋಗುತ್ತದೆ, ಅದನ್ನು ಒತ್ತಿದರೆ ಆ್ಯಪ್‌ನಲ್ಲಿರುವ ಅದೇ ಸಬ್‌ಸ್ಕ್ರಿಪ್ಷನ್ ಪರದೆ, ಅದೇ 14 ದಿನ. ಯಾವ ಈಮೇಲ್ ಹಾಕಿದರೂ ಪುಟ ಕೊಡುವ ಉತ್ತರ ಒಂದೇ ಆಗಿರಬೇಕು: 'ಈ ವಿಳಾಸಕ್ಕೆ ಖಾತೆ ಇದ್ದರೆ ಲಿಂಕ್ ಕಳಿಸಿದ್ದೇವೆ.' ಇಲ್ಲದಿದ್ದರೆ ಯಾರ್‍ಯಾರು ದಿನಚರಿ ಬರೆಯುತ್ತಿದ್ದಾರೆ ಅಂತ ಈಮೇಲ್ ಹಾಕಿ ನೋಡಿ ಪತ್ತೆ ಮಾಡಬಹುದು. ಆ್ಯಪಲ್ ಲಾಗಿನ್ ಇರುವವರು ಈ ದಾರಿಯಲ್ಲಿ ಬಂದರೆ ಟೋಕನ್ ರದ್ದು ಮಾಡಲು ವೆಬ್‌ನಲ್ಲೂ ಆ್ಯಪಲ್ ಲಾಗಿನ್ ಇರಬೇಕಾಗುತ್ತದೆ. ಅದಕ್ಕೂ ಒಪ್ಪದವರ ಡಿಲೀಟ್ ನಿಲ್ಲಿಸಲಿಲ್ಲ. ಟೋಕನ್ ಹೆಜ್ಜೆ 'ಬಿಟ್ಟಿದೆ' ಅಂತ ಗುರುತಾಗುತ್ತದೆ, ಆ್ಯಪಲ್ ಐಡಿ ಸೆಟ್ಟಿಂಗ್‌ನಿಂದ ಅವರೇ ತೆಗೆಯುವುದು ಹೇಗೆ ಅಂತ ಕೊನೆಯ ಈಮೇಲ್‌ನಲ್ಲಿ ಬರೆಯುತ್ತೇವೆ.

ಆ ಖಾಲಿ ಪ್ರೀಮಿಯಂ ಖಾತೆಗಳನ್ನು ಒಂದೊಂದಾಗಿ ಹೊಸ ಟೇಬಲ್‌ಗೆ ಸರಿಸಿ ಅಳಿಸಿದೆವು. ಸಬ್‌ಸ್ಕ್ರಿಪ್ಷನ್ ಇನ್ನೂ ಚಾಲ್ತಿಯಲ್ಲಿದ್ದವರಿಗೆ ತಲುಪುವ ದಾರಿ ನಮ್ಮಲ್ಲಿ ಇರಲಿಲ್ಲ. ಅದಕ್ಕೆ ಐಫೋನ್ ಆ್ಯಪ್‌ಗೆ ಒಂದು ತಪಾಸಣೆ ಸೇರಿಸಿದೆವು: ಲಾಗಿನ್ ಆಗದೆಯೂ, ಫೋನ್‌ನಲ್ಲಿ ಚಾಲ್ತಿಯಲ್ಲಿರುವ ಸಬ್‌ಸ್ಕ್ರಿಪ್ಷನ್ ಇದ್ದು ಅದು ಖಾತೆ ಇಲ್ಲದ್ದಾಗಿದ್ದರೆ, ಮೊದಲ ಪರದೆಯಲ್ಲೇ 'ನೀವು ಇನ್ನೂ ದುಡ್ಡು ಕೊಡುತ್ತಿದ್ದೀರಿ, ಇಲ್ಲಿ ಕ್ಯಾನ್ಸಲ್ ಮಾಡಿ' ಅಂತ ತೋರಿಸುತ್ತದೆ. ಆ್ಯಪ್ ಅನ್ನು ಫೋನ್‌ನಿಂದಲೇ ತೆಗೆದುಹಾಕಿದವರಿಗೆ ಇದೂ ಕಾಣುವುದಿಲ್ಲ. ಅವರಿಗೆ ಉಳಿದಿರುವುದು ಆ್ಯಪಲ್ ಕಳಿಸುವ ರಶೀದಿ ಮತ್ತು ನಮ್ಮ ಕೊನೆಯ ಈಮೇಲ್, ಅದಕ್ಕೇ ಆ ಈಮೇಲ್‌ನ ಮೊದಲ ಸಾಲಿನಲ್ಲಿ ಕ್ಯಾನ್ಸಲ್ ಲಿಂಕ್ ಇದೆ, ಖಾತೆ ಅಳಿದ ಸುದ್ದಿ ಎರಡನೇ ಸಾಲಿನಲ್ಲಿ.